ಕ್ರಿಯಾಸೂಚಕ ಬರಹ (ಜಾಲತಾಣ)

ಕ್ರಿಯಾಸೂಚಕ ಬರಹ ಎಂದರೆ ಜಾಲತಾಣದ ಗುಂಡಿ ಅಥವಾ ಕೊಂಡಿಯ ಮೇಲಿದ್ದು, ಅದನ್ನು ಒತ್ತಿದರೆ ಏನಾಗುವುದೆಂದು ತಿಳಿಸುವ ಕಿರುಬರಹ. ಪುಟ ರಚಿಸಿದವರು ಬೇರೆ ಬರಹ ಕೊಡದಿದ್ದರೆ, ಕೆಳಗಿನ ಸಂಕೇತಕ್ಕೆ ಇಂಗ್ಲಿಷ್ ಬ್ರೌಸರುಗಳು ಸಾಮಾನ್ಯವಾಗಿ "ಸಬ್ಮಿಟ್" ಎಂಬ ಪದವನ್ನೇ ತೋರಿಸುತ್ತವೆ.

```html
<input type="submit">
```

ಮೂಡಿಗೆರೆ, ಕಳಸಗಳ ಕಾಫಿ ತೋಟದ ಹೋಂಸ್ಟೇಯೊಂದನ್ನು ಉದಾಹರಣೆಯಾಗಿ ನೋಡಬಹುದು. ದಿನಾಂಕ ಮತ್ತು ಅತಿಥಿಗಳ ಸಂಖ್ಯೆಯನ್ನು ತುಂಬಿಸುವ ನಮೂನೆಯ ಕೆಳಗೆ "ಸಲ್ಲಿಸಿ" ಎಂದಷ್ಟೇ ಇದ್ದರೆ, ಕೋಣೆ ನಿಗದಿಯಾಯಿತೋ ಬರಿಯ ವಿಚಾರಣೆ ಹೋಯಿತೋ ತಿಳಿಯದು. ಮಾಲೀಕರು ಅನಂತರ ಫೋನಿನಲ್ಲಿ ಖಚಿತಪಡಿಸುವ ಕ್ರಮವಿದ್ದಲ್ಲಿ "ಈ ದಿನಗಳಿಗೆ ಕೋಣೆ ಇದೆಯೇ ಕೇಳಿ" ಎಂಬುದು ಸರಿಯಾದ ಬರಹ. "ಕೋಣೆ ಕಾಯ್ದಿರಿಸಿ" ಎಂಬುದು ಹೆಚ್ಚು ಆಕರ್ಷಕವಾದರೂ ಇಲ್ಲಿ ನಿಜವಲ್ಲ. ಅದನ್ನು ನಂಬಿದವರು ಘಾಟಿ ಹತ್ತಿ ಬಂದು ತಂಗಲು ಜಾಗವಿಲ್ಲದೆ ನಿಲ್ಲಬೇಕಾದೀತು.

"ಇಲ್ಲಿ ಕ್ಲಿಕ್ ಮಾಡಿ" ಎಂಬ ಕೊಂಡಿಯ ತೊಡಕು ಬೇರೆ. ದೃಷ್ಟಿಹೀನರು ಪರದೆ ಓದುವ ತಂತ್ರಾಂಶದ ನೆರವಿನಿಂದ ಪುಟದ ಕೊಂಡಿಗಳನ್ನಷ್ಟೇ ಪಟ್ಟಿಯಾಗಿ ಕೇಳುವಾಗ ಇದೇ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. "ಮಳೆಗಾಲದ ದರಪಟ್ಟಿ ನೋಡಿ" ಎಂದಿದ್ದರೆ ಈ ಗೊಂದಲವಿಲ್ಲ. ಸುತ್ತಲಿನ ವಾಕ್ಯಗಳನ್ನು ಮುಚ್ಚಿ ಗುಂಡಿಯನ್ನು ಮಾತ್ರ ಓದಿದಾಗಲೂ ಅರ್ಥವಾದರೆ ಬರಹ ಸ್ಪಷ್ಟವಾಗಿದೆ ಎಂದು ತಿಳಿಯಬಹುದು.