ಒಂದು ಫ್ಲರ್ಟಿ ಮೆಸೇಜ್ ಕಳಿಸಿದರೆ ಮುನಿಸು ಹೋಗುತ್ತದೆಯೇ?

‘ಅವಳು ಮುನಿಸಿಕೊಂಡಿದ್ದಾಳೆಯೇ? ಈ ಸಾಲು ಕಳಿಸಿ, ಐದೇ ನಿಮಿಷದಲ್ಲಿ ಮೂಡ್ ಸರಿ!’ ಎಂಬ ಬಗೆಯ ಫಾರ್ವರ್ಡ್‌ಗಳನ್ನು ನೀವೂ ನೋಡಿರುತ್ತೀರಿ. ಕೆಳಗೆ ಹತ್ತೋ ಇಪ್ಪತ್ತೋ ಸಿದ್ಧ ಸಾಲುಗಳು, ಅವುಗಳಲ್ಲಿ ಒಂದಾದರೂ ‘ಕೋಪದಲ್ಲಿ ನೀನು ಇನ್ನೂ ಚಂದ ಕಾಣ್ತೀಯ’ ಎಂದೇ ಇರುತ್ತದೆ. ಇದರಲ್ಲಿ ನಿಜವೆಷ್ಟು? ಅರ್ಧದಷ್ಟು ನಿಜ ಎನ್ನಬಹುದು. ಲಘುವಾದ, ಸ್ವಲ್ಪ ಸರಸದ ಮಾತು ಸಣ್ಣ ವಿರಸವನ್ನು ನಿಜಕ್ಕೂ ತಿಳಿಗೊಳಿಸುತ್ತದೆ. ಆದರೆ ಅದಕ್ಕೆ ಮೊದಲು ಬರಬೇಕಾದ ಇನ್ನೊಂದು ಮಾತಿದೆ. ಅದನ್ನು ಈ ಫಾರ್ವರ್ಡ್‌ಗಳು ಹೇಳುವುದೇ ಇಲ್ಲ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಶಿವಮೊಗ್ಗದವರಿಗೆ ಗೊತ್ತಿರುವಂತೆ ಹೊಸಮನೆ ಎಂಬ ಬಡಾವಣೆ ಶಿವಮೊಗ್ಗ ನಗರದಲ್ಲೂ ಇದೆ, ಭದ್ರಾವತಿಯಲ್ಲೂ ಇದೆ. ಎರಡು ಊರುಗಳ ನಡುವೆ ಸುಮಾರು ಇಪ್ಪತ್ತು ಕಿಲೋಮೀಟರ್ ದಾರಿ. ಪರಿಚಯವಾಗಿ ಎರಡು ವಾರವಾದ ಇಬ್ಬರು ಮೊದಲ ಬಾರಿ ಭೇಟಿಯಾಗಲು ಹೊರಟಿದ್ದಾರೆ ಎಂದುಕೊಳ್ಳಿ. ಅವಳು ಭದ್ರಾವತಿಯವಳು. ‘ಸಂಜೆ ಐದಕ್ಕೆ ಹೊಸಮನೆಯಲ್ಲಿ ಸಿಗೋಣ’ ಎಂದಳು. ಅವನು ಶಿವಮೊಗ್ಗದವನು. ತನ್ನ ಊರಿನ ಹೊಸಮನೆಯಲ್ಲೇ ಹೋಗಿ ನಿಂತ. ಅರ್ಧ ಗಂಟೆಯ ನಂತರ ವಿಷಯ ಗೊತ್ತಾಯಿತು. ಅವನು ಟೈಪ್ ಮಾಡಿದ: ‘ಯಾವ ಹೊಸಮನೆ ಅಂತ ಸರಿಯಾಗಿ ಹೇಳ್ಬೇಕಿತ್ತು ಅಲ್ವಾ.’ ಅವಳಿಂದ ಬಂದದ್ದು ಒಂದೇ ಪದ: ‘ಸರಿ.’

ಈ ‘ಸರಿ’ಯ ಮುಂದಿನ ಚುಕ್ಕಿಯನ್ನು ಕಂಡು ಅವನ ಎದೆ ಝಲ್ ಎಂದಿದ್ದರೆ ಅದು ಅವನ ಕಲ್ಪನೆ ಮಾತ್ರ ಇರಲಾರದು. ಒಂದೇ ಪದದ ಉತ್ತರಕ್ಕೆ ಪೂರ್ಣವಿರಾಮ ಹಾಕಿದಾಗ ಓದುವವರಿಗೆ ಅದು ಕಡಿಮೆ ಮನಃಪೂರ್ವಕವಾಗಿ ಕಾಣುತ್ತದೆ ಎಂದು ಅಮೆರಿಕದ ಬಿಂಗಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಕಂಡುಕೊಂಡಿದ್ದಾರೆ. ಅದೇ ಉತ್ತರವನ್ನು ಕಾಗದದಲ್ಲಿ ಕೈಬರಹದಲ್ಲಿ ತೋರಿಸಿದಾಗ ಈ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಚುಕ್ಕಿ ಇಟ್ಟವರೆಲ್ಲ ಮುನಿದಿದ್ದಾರೆ ಎಂದು ತೀರ್ಪು ಕೊಡಬೇಡಿ. ಕೆಲವರು ಅಭ್ಯಾಸಬಲದಿಂದ ಇಡುತ್ತಾರೆ. ಹಿಂದಿನ ಎರಡು ವಾರ ಅವಳು ಚುಕ್ಕಿ ಇಡುತ್ತಿದ್ದಳೇ ಎಂದು ಚಾಟ್ ಮೇಲಕ್ಕೆ ಸರಿಸಿ ನೋಡಿದರೆ ತಿಳಿಯುತ್ತದೆ.

ಈಗ ಅವನು ಫಾರ್ವರ್ಡ್ ಹೇಳಿದಂತೆ ‘ಕೋಪದಲ್ಲಿ ಇನ್ನೂ ಚಂದ ಕಾಣ್ತೀರ’ ಎಂದು ಕಳಿಸಿದ ಎಂದಿಟ್ಟುಕೊಳ್ಳಿ. (ಇಪ್ಪತ್ತು ಕಿಲೋಮೀಟರ್ ದೂರದಿಂದ ಹೇಗೆ ಕಂಡಿತೋ!) ಅವಳ ದೂರು ಎರಡು. ಅರ್ಧ ಗಂಟೆ ಕಾಯಬೇಕಾಯಿತು, ಮೇಲಾಗಿ ತಪ್ಪೂ ತನ್ನ ಮೇಲೆಯೇ ಬಂತು. ಈ ಸಾಲು ಎರಡಕ್ಕೂ ಉತ್ತರ ಕೊಡುವುದಿಲ್ಲ. ಬದಲಿಗೆ ಅವಳ ಕೋಪವನ್ನೇ ನೋಡಿ ಆನಂದಿಸುವ ವಸ್ತುವನ್ನಾಗಿ ಮಾಡುತ್ತದೆ. ಹೊಗಳಿಕೆಯಂತೆ ಕಂಡರೂ ಅದು ತಲುಪುವುದು ‘ನಿನ್ನ ದೂರು ನನಗೆ ತಮಾಷೆ’ ಎಂಬ ಅರ್ಥದಲ್ಲಿ.

ಹಾಸ್ಯದಲ್ಲೂ ಬಗೆಗಳಿವೆ. ಕೆನಡಾದ ಮನೋವಿಜ್ಞಾನಿಗಳಾದ ಲಾರ್ನ್ ಕ್ಯಾಂಪ್‌ಬೆಲ್, ರಾಡ್ ಮಾರ್ಟಿನ್ ಮತ್ತು ಜೆನಿ ವಾರ್ಡ್ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಡೇಟಿಂಗ್ ಮಾಡುತ್ತಿದ್ದ ಜೋಡಿಗಳು ತಮ್ಮ ನಡುವಿನ ಭಿನ್ನಾಭಿಪ್ರಾಯದ ಬಗ್ಗೆ ಮಾತಾಡುವುದನ್ನು ಚಿತ್ರೀಕರಿಸಿ, ಯಾರು ಎಂಥ ಹಾಸ್ಯ ಬಳಸಿದರು ಎಂದು ಗಮನಿಸಿದರು. ಇಬ್ಬರೂ ಸೇರಿ ನಗುವಂಥ, ಬಿಗುವನ್ನು ಸಡಿಲಿಸುವಂಥ ಹಾಸ್ಯವನ್ನು ಸಂಗಾತಿ ಹೆಚ್ಚು ಬಳಸಿದಲ್ಲಿ ಜೋಡಿ ಇನ್ನಷ್ಟು ಹತ್ತಿರವಾದಂತೆ, ಸಮಸ್ಯೆ ಬಗೆಹರಿದಂತೆ ಅನಿಸಿತ್ತು. ಎದುರಿನವರನ್ನು ಚುಚ್ಚುವ, ಅಣಕಿಸುವ ಹಾಸ್ಯ ಹೆಚ್ಚಾದಲ್ಲಿ ಇದರ ತಿರುಗುಮುರುಗು. ಆದ್ದರಿಂದ ‘ನಗಿಸಿದರೆ ಸಾಕು’ ಎಂಬ ಮಾತು ನಿಲ್ಲುವುದಿಲ್ಲ. ನಗು ಯಾರ ಮೇಲೆ ಬೀಳುತ್ತದೆ ಎಂಬುದನ್ನು ನೋಡಬೇಕು. ಇಷ್ಟಕ್ಕೂ ಆ ಜೋಡಿಗಳು ಎದುರುಬದುರು ಕುಳಿತಿದ್ದವರು. ದನಿ, ಮುಖ, ಕಣ್ಣು ಎಲ್ಲವೂ ಅವರ ನೆರವಿಗಿತ್ತು.

ಮೆಸೇಜ್‌ನಲ್ಲಿ ಆ ನೆರವಿಲ್ಲ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಒಂದು ಪ್ರಯೋಗ ಮಾಡಿದರು. ಒಬ್ಬರು ಕೆಲವು ವಾಕ್ಯಗಳನ್ನು ವ್ಯಂಗ್ಯವಾಗಿಯೋ ಗಂಭೀರವಾಗಿಯೋ ಇಮೇಲ್‌ನಲ್ಲಿ ಕಳಿಸಬೇಕು, ಇನ್ನೊಬ್ಬರು ಯಾವುದು ಯಾವ ಭಾವದ್ದೆಂದು ಗುರುತಿಸಬೇಕು. ನೂರರಲ್ಲಿ 78 ಸಲ ಸರಿಯಾಗಿ ಅರ್ಥವಾಗುತ್ತದೆ ಎಂದು ಕಳಿಸಿದವರು ನಂಬಿದ್ದರು. ನಿಜಕ್ಕೂ ಅರ್ಥವಾದದ್ದು 56 ಸಲ. ನಾಣ್ಯ ಚಿಮ್ಮಿ ಊಹಿಸಿದ್ದರೂ 50 ಸಿಗುತ್ತಿತ್ತು! ಟೈಪ್ ಮಾಡುವಾಗ ನಮ್ಮದೇ ದನಿ ನಮ್ಮ ಕಿವಿಯಲ್ಲಿ ಕೇಳುತ್ತಿರುತ್ತದೆ, ಅದು ಆ ಕಡೆಗೂ ಕೇಳುತ್ತಿದೆ ಎಂದುಕೊಳ್ಳುತ್ತೇವೆ.

ಸರಸದ ಸುಳಿವಂತೂ ಎದುರಿಗೆ ಕುಳಿತಾಗಲೇ ಕೈತಪ್ಪುತ್ತದೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ತಂಡ 2014ರಲ್ಲಿ ಅಪರಿಚಿತ ಯುವಕ ಯುವತಿಯರ 52 ಜೋಡಿಗಳನ್ನು ಹತ್ತು ಹತ್ತು ನಿಮಿಷ ಮಾತಿಗೆ ಕೂರಿಸಿತು. ಎದುರಿನವರು ನಿಜಕ್ಕೂ ಫ್ಲರ್ಟ್ ಮಾಡಿದ್ದಾಗ ಅದನ್ನು ಗುರುತಿಸಿದವರು ಪುರುಷರಲ್ಲಿ ಶೇಕಡ 36, ಮಹಿಳೆಯರಲ್ಲಿ ಶೇಕಡ 18 ಮಾತ್ರ. ಈ ಪ್ರಯೋಗಗಳು ನಡೆದದ್ದು ಅಮೆರಿಕದ ವಿದ್ಯಾರ್ಥಿಗಳ ನಡುವೆ. ಶಿವಮೊಗ್ಗಕ್ಕೆ ಅವೇ ಅಂಕಿಗಳನ್ನು ತಂದು ಅಂಟಿಸಲಾಗದು. ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಕ್ಷಮೆಯನ್ನು ಸರಸದ ಸಾಲಿನೊಳಗೆ ಬಚ್ಚಿಟ್ಟು ಕಳಿಸಿದರೆ, ಸರಸ ತಲುಪದೇ ಹೋದಾಗ ಕ್ಷಮೆಯೂ ತಲುಪುವುದಿಲ್ಲ.

ಹಾಗಾಗಿ ಎರಡನ್ನೂ ಬೇರೆ ಮಾಡಿ. ಮೊದಲು ನೇರ ಮಾತು, ನಗುವಿಲ್ಲದೆ, ಇಮೋಜಿಯಿಲ್ಲದೆ. ನಮ್ಮ ಉದಾಹರಣೆಯಲ್ಲಿ ಅದು ಹೀಗಿರಬಹುದು: ‘ಯಾವ ಹೊಸಮನೆ ಅಂತ ನಾನು ಕೇಳ್ಬೇಕಿತ್ತು. ಕೇಳದೆ ನಿಮ್ಮ ಮೇಲೇ ಹಾಕಿದೆ. ಅರ್ಧ ಗಂಟೆ ಕಾಯಿಸಿದ್ದಕ್ಕೆ ಸಾರಿ.’ ಇಲ್ಲಿ ಅವಳ ಎರಡೂ ದೂರಿಗೆ ಹೆಸರಿಟ್ಟು ಉತ್ತರವಿದೆ. ‘ಬೇಜಾರಾಗಿದ್ರೆ ಸಾರಿ’ ಎಂದಿದ್ದರೆ ಆಗುತ್ತಿರಲಿಲ್ಲ, ಏಕೆಂದರೆ ಬೇಜಾರಾಗಿದೆಯೋ ಇಲ್ಲವೋ ಎಂಬ ಅನುಮಾನವನ್ನೇ ಆ ‘ಆಗಿದ್ರೆ’ ಮತ್ತೆ ಎತ್ತುತ್ತದೆ. ‘ಸಾರಿ, ಆದ್ರೆ ನೀವೂ...’ ಎಂದು ಶುರುಮಾಡಿದರೆ ಜಗಳದ ಎರಡನೇ ಸುತ್ತು ಖಚಿತ.

ಇದಾದ ಮೇಲೆ ಲಘುವಾದ ಸಾಲು. ಅವಳಿಂದ ‘ಪರವಾಗಿಲ್ಲ’ ಎಂದೋ ‘ಹೂಂ’ ಎಂದೋ ಏನಾದರೂ ಬಂದ ನಂತರ ಕಳಿಸಿದರೆ ಇನ್ನೂ ಒಳ್ಳೆಯದು. ‘ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ನಿಂತು, ಬಂದ ಪ್ರತಿ ಸ್ಕೂಟಿಯಲ್ಲೂ ನಿಮ್ಮನ್ನೇ ಹುಡುಕ್ತಿದ್ದೆ ಮಾರಾಯ್ರೆ. ಮುಂದಿನ ಸಲ ಊರಿನ ಹೆಸರು ಕೇಳಿಕೊಂಡೇ ಬಸ್ ಹತ್ತುತ್ತೇನೆ.’ ನಗು ಬಿದ್ದಿರುವುದು ಕಳಿಸಿದವನ ಪೆದ್ದುತನದ ಮೇಲೆ. ‘ನಿಮ್ಮನ್ನೇ ಹುಡುಕ್ತಿದ್ದೆ’ ಎಂಬಲ್ಲಿ ಸರಸವಿದೆ, ಆದರೆ ಅವಳು ಅದಕ್ಕೆ ಉತ್ತರ ಕೊಡಲೇಬೇಕು ಎಂಬ ಒತ್ತಡವಿಲ್ಲ. ಬೇಕಿದ್ದರೆ ಅವಳು ಆ ಎಳೆ ಹಿಡಿಯಬಹುದು, ಬೇಡವಾದರೆ ಬಸ್ಸಿನ ಮಾತಿಗಷ್ಟೇ ಉತ್ತರಿಸಬಹುದು. ಇಂಥ ಸಾಲು ಯಾವ ಫಾರ್ವರ್ಡ್‌ನಲ್ಲೂ ಸಿಗುವುದಿಲ್ಲ. ಅದು ಹುಟ್ಟಿದ್ದೇ ಇವರಿಬ್ಬರ ಎಡವಟ್ಟಿನಿಂದ. ಕಾಪಿ ಮಾಡಿದ ಸಾಲಿನ ತೊಂದರೆಯೂ ಇದೇ: ಅದೇ ಫಾರ್ವರ್ಡ್ ಅವಳ ಕಾಲೇಜು ಗ್ರೂಪಿಗೂ ಬಂದಿರುತ್ತದೆ!

ಕನ್ನಡದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಬ್ಬರೂ ಇನ್ನೂ ‘ನೀವು’ ಎನ್ನುತ್ತಿದ್ದರೆ ಮುನಿಸಿನ ನಡುವೆ ಒಮ್ಮೆಲೇ ‘ನೀನು’ ಎಂದೋ ‘ಚಿನ್ನ, ಬಂಗಾರ’ ಎಂದೋ ಹಾರಬೇಡಿ. ‘ನೀವು’ಯಿಂದ ‘ನೀನು’ಗೆ ಬರುವುದು ಸಾಮಾನ್ಯವಾಗಿ ಇಬ್ಬರೂ ಒಪ್ಪಿ ಇಡುವ ಹೆಜ್ಜೆ. ಜಗಳದ ಹೊತ್ತಿನಲ್ಲಿ ಒಬ್ಬರೇ ಅದನ್ನು ಇಟ್ಟರೆ ಅದು ಸಲುಗೆಯೋ ಅಸಡ್ಡೆಯೋ ಎಂದು ಓದುವವರಿಗೆ ತಿಳಿಯುವುದಿಲ್ಲ. ಮಲೆನಾಡಿನ ‘ಮಾರಾಯ್ರೆ’, ಬೇರೆ ಕಡೆಯ ‘ಕಣ್ರೀ’ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಗೌರವ ಬಿಡದೆ ದನಿಯನ್ನು ಮೆತ್ತಗೆ ಮಾಡುತ್ತವೆ.

ಕಳಿಸಿದ ಮೇಲೆ ಕಾಯಬೇಕು, ಕಷ್ಟವಾದರೂ. ನೀಲಿ ಟಿಕ್ ಬಂದೂ ಉತ್ತರ ಬಾರದಿದ್ದರೆ ಅವರು ಓದಿದ್ದಾರೆ ಎಂದಷ್ಟೇ ಅರ್ಥ. ಬೂದು ಟಿಕ್ ಇದ್ದರೆ ಓದಿಲ್ಲ ಎಂದೂ ಹೇಳಲಾಗದು, ಓದಿದ್ದು ಕಾಣದಂತೆ ಮಾಡುವ ಸೆಟ್ಟಿಂಗ್ ವಾಟ್ಸ್ಯಾಪ್‌ನಲ್ಲಿದೆ. ಸಾಲು ಅತಿಯಾಯಿತು ಅನಿಸಿದರೆ ಕಳಿಸಿದ 15 ನಿಮಿಷದೊಳಗೆ ತಿದ್ದಬಹುದು, ಆದರೆ ತಿದ್ದಿದ ಗುರುತು ಆ ಕಡೆಗೂ ಕಾಣುತ್ತದೆ. ಅಳಿಸಿದರೂ ‘ಅಳಿಸಲಾಗಿದೆ’ ಎಂಬ ಗುರುತು ಉಳಿಯುತ್ತದೆ. ಏನು ಅಳಿಸಿದನೋ ಎಂಬ ಕುತೂಹಲ ಮೂಲ ಮೆಸೇಜಿಗಿಂತ ಹೆಚ್ಚು ಕೆಡಿಸುವುದೂ ಉಂಟು.

ಉತ್ತರದಲ್ಲಿ ಅವಳೂ ತಮಾಷೆಯ ಎಳೆ ಹಿಡಿದರೆ, ಉದಾಹರಣೆಗೆ ‘ಬಸ್ ಟಿಕೆಟ್ ಫೋಟೊ ಕಳಿಸಿ, ಆಮೇಲೆ ನಂಬ್ತೀನಿ’ ಎಂದರೆ, ವಿಷಯ ಅಲ್ಲಿಗೆ ಮುಗಿಯಿತು. ಮತ್ತೆ ಮತ್ತೆ ಸಾರಿ ಹೇಳಿ ಅದನ್ನು ಕೆದಕುವುದು ಬೇಡ. ‘ಸರಿ, ನಾಳೆ ಮಾತಾಡೋಣ’ ಎಂದರೆ ನಾಳೆಯೇ. ಮಾತು ತಾಗಿದ್ದು ಜಾತಿಗೋ ಮನೆಯವರಿಗೋ ಮೈಬಣ್ಣಕ್ಕೋ ಆಗಿದ್ದರೆ ಅದು ಸಣ್ಣ ಮುನಿಸಿನ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ನೇರ ಮಾತು ಮಾತ್ರ ಸಾಕು, ಸರಸದ ಸಾಲನ್ನು ಬಿಟ್ಟುಬಿಡಿ.

‘ಮೆಸೇಜ್ ಮಾಡಬೇಡಿ’ ಎಂದು ಅವಳು ಹೇಳಿದ್ದರೆ ಲಘುವಾದ ಸಾಲಿಗೂ ಜಾಗವಿಲ್ಲ. ‘ಹತ್ತು ಸಲ ಕಳಿಸಿದರೆ ಹನ್ನೊಂದನೆಯದಕ್ಕೆ ಕರಗುತ್ತಾಳೆ’ ಎಂಬ ಬಗೆಯ ಫಾರ್ವರ್ಡ್ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ, ಅದು ನೇರ ಅಪಾಯಕ್ಕೆ ದಾರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ, ಮಹಿಳೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ಸೂಚಿಸಿದ ಮೇಲೂ ಪುರುಷನೊಬ್ಬ ಪದೇಪದೇ ಸಂಪರ್ಕಿಸಲು ಯತ್ನಿಸುವುದು ಹಿಂಬಾಲಿಸುವ ಅಪರಾಧ. ಮೊದಲ ಸಲ ಸಾಬೀತಾದರೇ ಮೂರು ವರ್ಷದವರೆಗೆ ಜೈಲು ಮತ್ತು ದಂಡ ವಿಧಿಸಬಹುದು. ಇಂಥ ಮೆಸೇಜ್‌ಗಳಿಂದ ತೊಂದರೆ ಅನುಭವಿಸುತ್ತಿರುವವರು ಅವನ್ನು ಅಳಿಸದೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಹತ್ತಿರದ ಠಾಣೆಗೆ ದೂರು ಕೊಡಬಹುದು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು.