ಮೇಲಿನ ವಾಲ್ವ್ ಅರ್ಧ ಮುಚ್ಚಿದರೆ ಅಬ್ಬಿ ನೀರಿನ ಪೈಪ್ ಒಡೆಯುವುದಿಲ್ಲವೇ?

ಒಡೆಯಬಹುದು. ಮಲೆನಾಡಿನಲ್ಲಿ ಹಿಂದೆ ಗುಡ್ಡದ ಅಬ್ಬಿ ನೀರನ್ನು ಅಡಿಕೆ ಮರದ ದಂಬೆಯಲ್ಲಿ ಮನೆಗೆ ತರುತ್ತಿದ್ದರು. ತೆರೆದ ದಂಬೆಯಲ್ಲಿ ಒತ್ತಡ ಕೂಡುವುದಿಲ್ಲ. ಪೈಪಿನಲ್ಲಿ ಹಾಗಲ್ಲ, ಪ್ರತಿ 10 ಮೀಟರ್ ಇಳಿತಕ್ಕೆ ಸುಮಾರು 1 ಕೆಜಿ ಒತ್ತಡ ಏರುತ್ತದೆ. ಅರ್ಧ ಮುಚ್ಚಿದ ವಾಲ್ವ್ ಹರಿಯುವ ನೀರನ್ನಷ್ಟೇ ತಡೆಯುತ್ತದೆ. ಕೆಳಗೆ ನಲ್ಲಿ ಕಟ್ಟಿದೊಡನೆ ಪೂರ್ತಿ ಒತ್ತಡ ಮರಳುತ್ತದೆ.

ನೀರಿನ ಮೂಲ ಮನೆಗಿಂತ 120 ಮೀಟರ್ ಮೇಲಿದೆ, ಪೈಪ್ 6 ಕೆಜಿಯದು ಎನ್ನಿ. ಅದು ತಾಳುವುದು 60 ಮೀಟರ್. ಮೂಲದಿಂದ 40 ಮತ್ತು 80 ಮೀಟರ್ ಕೆಳಗೆ ಗಾಳಿಯಾಡುವ ಒಂದೊಂದು ತೊಟ್ಟಿ ಕಟ್ಟಿದರೆ ಪ್ರತಿ ತುಂಡಿಗೂ 40 ಮೀಟರ್ ಭಾರವಷ್ಟೇ. ಇದೇ ಬ್ರೇಕ್ ಪ್ರೆಶರ್ ಟ್ಯಾಂಕ್. ಅಳೆಯಬೇಕಾದ್ದು ಇಳಿತವನ್ನು, ಪೈಪಿನ ಉದ್ದವನ್ನಲ್ಲ. ತೊಟ್ಟಿ ತುಂಬಿದಾಗ ನೀರು ಚೆಲ್ಲದಂತೆ ಒಳಬರುವ ಪೈಪಿಗೆ ಫ್ಲೋಟ್ ವಾಲ್ವ್ ಬೇಕು.

ಮುಂದೆ ದಿಬ್ಬವಿದ್ದರೆ ತೊಟ್ಟಿ ಅದಕ್ಕಿಂತ ಎತ್ತರದಲ್ಲೇ ಇರಲಿ. ತಗ್ಗಿನಲ್ಲಿ ಕಟ್ಟಿದರೆ ಒತ್ತಡ ಕಳೆದುಕೊಂಡ ನೀರು ದಿಬ್ಬ ಹತ್ತುವುದಿಲ್ಲ.