‘ಶೇ. 30ರಷ್ಟು ಮಳೆ ಸಾಧ್ಯತೆ’: ಈ ಅಂಕಿಯ ನಿಜವಾದ ಅರ್ಥ

ಮೊಬೈಲಿನ ಹವಾಮಾನ ಪುಟದಲ್ಲಿ ‘ನಾಳೆ ಮಳೆ ಸಾಧ್ಯತೆ ಶೇ. 30’ ಎಂದು ಕಾಣಿಸಿದಾಗ ಅದನ್ನು ಜನರು ಹಲವು ಬಗೆಯಾಗಿ ಅರ್ಥೈಸುತ್ತಾರೆ. ದಿನದ ಶೇ. 30ರಷ್ಟು ಹೊತ್ತು ಮಳೆ ಸುರಿಯುವುದೆಂದು ಕೆಲವರು, ತಾಲ್ಲೂಕಿನ ಶೇ. 30ರಷ್ಟು ಊರುಗಳಿಗೆ ಮಳೆಯಾಗುವುದೆಂದು ಕೆಲವರು, ಮಳೆ ಬಲು ಕಡಿಮೆಯೆಂದು ಮತ್ತೆ ಕೆಲವರು ತಿಳಿಯುತ್ತಾರೆ. ಈ ಗೊಂದಲ ನಮ್ಮಲ್ಲಿ ಮಾತ್ರ ಇರುವುದಲ್ಲ. ಜರ್ಮನಿಯ ಗೆರ್ಡ್ ಗಿಗೆರೆಂಜರ್ ಮತ್ತು ಸಂಗಡಿಗರು ಐದು ನಗರಗಳಲ್ಲಿ ಇದೇ ಪ್ರಶ್ನೆ ಕೇಳಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಿಯಾದ ಅರ್ಥವನ್ನು ಹೆಚ್ಚಿನವರು ಆರಿಸಿದ್ದು ನ್ಯೂಯಾರ್ಕಿನಲ್ಲಿ ಮಾತ್ರ.

ಸರಿಯಾದ ಅರ್ಥ ಇಷ್ಟೇ: ನಾಳೆಯಂಥ ವಾತಾವರಣವಿರುವ ಹತ್ತು ದಿನಗಳನ್ನು ತೆಗೆದುಕೊಂಡರೆ, ನೀವಿರುವ ಸ್ಥಳದಲ್ಲಿ ಸುಮಾರು ಮೂರು ದಿನ ಮಳೆಯಾಗುತ್ತದೆ, ಏಳು ದಿನ ಆಗುವುದಿಲ್ಲ. ಇಲ್ಲಿ ‘ಮಳೆ’ ಎಂದರೆ ಅಳೆಯಲು ಸಿಗುವಷ್ಟು ಮಳೆ. ಅಮೆರಿಕದ ಹವಾಮಾನ ಸೇವೆಯಲ್ಲಿ ಈ ಮಿತಿ 0.01 ಇಂಚು, ಅಂದರೆ ಸುಮಾರು 0.25 ಮಿಲಿಮೀಟರ್. ಆದ್ದರಿಂದ ಈ ಅಂಕಿಯು ಮಳೆಯ ಪ್ರಮಾಣವನ್ನಾಗಲಿ ಅವಧಿಯನ್ನಾಗಲಿ ಹೇಳುವುದಿಲ್ಲ. ಶೇ. 90 ಎಂದಿದ್ದ ದಿನ ಬರಿಯ ತುಂತುರು ಬಿದ್ದು ನಿಲ್ಲಬಹುದು, ಶೇ. 30 ಎಂದಿದ್ದ ದಿನ ಗುಡುಗು ಸಹಿತ ಮಳೆ ಹಳ್ಳ ತುಂಬಿಸಬಹುದು. ಬಿತ್ತನೆಗೆ ಬೇಕಾದ ಹದ ಸಿಗುವುದೇ ಎಂಬುದನ್ನು ತಿಳಿಯಲು ಮಿಲಿಮೀಟರ್ ಅಂಕಿಯನ್ನು ಬೇರೆಯಾಗಿ ನೋಡಬೇಕು.

ಜತ್ತ ತಾಲ್ಲೂಕಿನವರಿಗೆ ಇನ್ನೊಂದು ತೊಡಕಿದೆ. ಭಾರತೀಯ ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ಬೇರೊಂದು ಶೇಕಡಾವಾರು ಇದೆ. ಅದು ನಿಜವಾಗಿಯೂ ವಿಸ್ತಾರಕ್ಕೆ ಸಂಬಂಧಿಸಿದ್ದು. ಸಾಂಗ್ಲಿ ಜಿಲ್ಲೆಯ ಮುನ್ಸೂಚನೆ ಮುಂಬಯಿಯ ಪ್ರಾದೇಶಿಕ ಕೇಂದ್ರದಿಂದ ಬರುತ್ತದೆ. ಗಡಿಯಾಚೆಯ ವಿಜಯಪುರ ಜಿಲ್ಲೆಯದು ಬೆಂಗಳೂರಿನ ಕೇಂದ್ರದಿಂದ. ಮರಾಠಿ ಪ್ರಕಟಣೆಯ ‘ತುರಳಕ ಠಿಕಾಣಿ’, ಕನ್ನಡದ ‘ಒಂದೆರಡು ಕಡೆ’ ಎಂಬ ಮಾತುಗಳಿಗೆ, ಶೇ. 25ರವರೆಗಿನ ಮಳೆಮಾಪನ ಕೇಂದ್ರಗಳಲ್ಲಿ ಮಳೆ ಎಂದು ಅರ್ಥ. ಮುಂದಿನ ಹಂತಗಳು ಶೇ. 26ರಿಂದ 50, 51ರಿಂದ 75, ಮತ್ತು 76ರಿಂದ 100. ಮೊಬೈಲಿನ ಅಂಕಿ ಒಂದು ಸ್ಥಳದ ಸಂಭವವನ್ನು ಹೇಳಿದರೆ, ಇಲಾಖೆಯ ಈ ಮಾತು ಮಳೆಯ ಹರಡುವಿಕೆಯನ್ನು ಹೇಳುತ್ತದೆ. ಇವೆರಡನ್ನೂ ಒಂದೇ ಎಂದು ಹೋಲಿಸಬಾರದು.

ಆದರೂ ಇವೆರಡಕ್ಕೆ ಒಂದು ನಂಟಿದೆ. ತಾಲ್ಲೂಕಿನಲ್ಲಿ ಎಲ್ಲಾದರೊಂದು ಕಡೆ ಮಳೆಯಾಗುವ ಸಂಭವವನ್ನು, ಮಳೆಯಾದರೆ ಅದು ಎಷ್ಟು ಭಾಗಕ್ಕೆ ಹರಡೀತು ಎಂಬುದರಿಂದ ಗುಣಿಸಿದರೆ, ಒಂದು ಊರಿನ ಸಂಭವ ದೊರೆಯುತ್ತದೆ. ಮೋಡ ಕಟ್ಟುವುದು ಖಚಿತ, ಆದರೆ ಮಳೆ ತಾಲ್ಲೂಕಿನ ಶೇ. 30 ಭಾಗಕ್ಕೆ ಮಾತ್ರ ಎಂದುಕೊಳ್ಳಿ: ಉತ್ತರ ಶೇ. 30. ಮಳೆ ಬರುವ ಸಂಭವವೇ ಶೇ. 30, ಬಂದರೆ ತಾಲ್ಲೂಕಿಗೆಲ್ಲ ಎಂದುಕೊಳ್ಳಿ: ಆಗಲೂ ಉತ್ತರ ಶೇ. 30. ನಮ್ಮದು ಸಹ್ಯಾದ್ರಿಯ ಮಳೆನೆರಳಿನ ಸೀಮೆ. ಇಲ್ಲಿ ಗುಡುಗು ಮಳೆಯಾದಾಗ ಹೆಚ್ಚಾಗಿ ಮೊದಲ ಬಗೆಯೇ ಕಾಣುತ್ತದೆ. ಉಮದಿಯಲ್ಲಿ ಮಳೆ ಸುರಿದು ಸಂಖ ಒಣಗಿಯೇ ಉಳಿದರೆ ಮುನ್ಸೂಚನೆ ಸುಳ್ಳಾಯಿತೆನ್ನಲು ಅಷ್ಟೇ ಸಾಲದು.

ಹಾಗಾದರೆ ಮುನ್ಸೂಚನೆಯ ನಂಬಿಕೆಯನ್ನು ಪರೀಕ್ಷಿಸುವುದು ಹೇಗೆ? ಒಂದು ದಿನದಿಂದ ಸಾಧ್ಯವಿಲ್ಲ. ಮಕ್ಕಳು ನೋಟುಬುಕ್ಕಿನಲ್ಲಿ ಪ್ರತಿದಿನದ ಅಂಕಿಯನ್ನೂ ಊರಿನಲ್ಲಿ ಮಳೆಯಾಯಿತೇ ಇಲ್ಲವೇ ಎಂಬುದನ್ನೂ ಬರೆದಿಡಲಿ. ಶೇ. 30 ಎಂದಿದ್ದ ನಲವತ್ತು ದಿನಗಳು ಸೇರಿದಾಗ ಸುಮಾರು ಹನ್ನೆರಡು ದಿನ ಮಳೆಯಾಗಿದ್ದರೆ ಮುನ್ಸೂಚನೆ ಪ್ರಾಮಾಣಿಕವಾದದ್ದು. ಇಪ್ಪತ್ತೈದು ದಿನ ಮಳೆಯಾಗಿದ್ದರೆ ನಮ್ಮ ಊರಿನ ಮಟ್ಟಿಗೆ ಅದು ಸಂಭವವನ್ನು ತೀರ ಕಡಿಮೆ ಹೇಳುತ್ತಿದೆ ಎಂದು ತಿಳಿಯಬೇಕು.

ಕೊನೆಯ ತಪ್ಪು, ಶೇ. 50ಕ್ಕಿಂತ ಕಡಿಮೆಯೆಂದರೆ ಮಳೆಯಿಲ್ಲ ಎಂದು ಭಾವಿಸುವುದು. ಕಣದಲ್ಲಿ ಜೋಳದ ರಾಶಿ ಬಿದ್ದಿದೆ ಎಂದುಕೊಳ್ಳೋಣ. ತಾಡಪತ್ರಿ ಬಾಡಿಗೆ ತಂದು ಹೊದಿಸಲು 500 ರೂಪಾಯಿ ಬೇಕು. ನೆನೆದರೆ 5,000 ರೂಪಾಯಿ ನಷ್ಟ. ಶೇ. 30ರ ಅಂಕಿಯಿರುವ ಹತ್ತು ದಿನ ಹೊದಿಸಿದರೆ ಒಟ್ಟು ಖರ್ಚು 5,000. ಹೊದಿಸದಿದ್ದರೆ ಮೂರು ಬಾರಿ ನೆನೆದು 15,000 ನಷ್ಟ. ಇಲ್ಲಿ ಖರ್ಚು ನಷ್ಟದ ಹತ್ತನೆಯ ಒಂದು ಭಾಗವಾದ್ದರಿಂದ, ಅಂಕಿ ಶೇ. 10 ದಾಟಿದೊಡನೆ ಹೊದಿಸುವುದೇ ಲಾಭ. ಅದೇ ಶೇ. 30ನ್ನು ನಂಬಿ ಒಣ ನೆಲಕ್ಕೆ ಸಜ್ಜೆಯ ಬೀಜ ಹಾಕುವವರಿಗೆ ಮಾತ್ರ, ಹತ್ತರಲ್ಲಿ ಏಳು ಸಲ ಮೊಳಕೆ ಕಾಣದ ಅಪಾಯವಿದೆ. ಅಂಕಿ ಎಲ್ಲರಿಗೂ ಒಂದೇ. ಅದಕ್ಕೆ ತಕ್ಕ ತೀರ್ಮಾನ ಮಾತ್ರ ಅವರವರ ಕೆಲಸದ ಮೇಲೆ ನಿಂತಿದೆ.